ಇಪ್ಪತ್ತೊಂದು ದೋಷಗಳೂ ಎಪ್ಪತ್ತೆರಡು ರೂಪಾಯಿ ಮುಂಗಡವೂ

ಪತ್ರ ಬರೆದವನು ನಾನು. ಅದರ ಫಲವನ್ನು ಉಂಡವಳು ನನ್ನ ಅಕ್ಕ. ಸಾಹುಕಾರರಿಗೆ ಏನೂ ಆಗಲಿಲ್ಲ, ನನಗೂ ಏನೂ ಆಗಲಿಲ್ಲ. ಒಂದು ತಿಂಗಳಿಗೂ ಹೆಚ್ಚು ಕಾಲ ಚುಂಚನಕಟ್ಟೆಯಲ್ಲಿ ಚಿಕ್ಕಮ್ಮನ ಮನೆಯ ಭತ್ತದ ಮೂಟೆಗಳ ನಡುವೆ ಚಾಪೆ ಹಾಸಿ ಮಲಗಿ, ಕೆ.ಆರ್. ನಗರದ ಶಾಲೆಗೆ ದಿನವೂ ಬಸ್ಸಿನಲ್ಲಿ ಓಡಾಡಿದವಳು ಅವಳೊಬ್ಬಳೇ. ಇದನ್ನು ಮೊದಲೇ ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಏಕೆಂದರೆ ಈ ಕಥೆಯನ್ನು ನಮ್ಮ ಬಂಧುಬಳಗದಲ್ಲಿ ಹೇಳುವಾಗ ಎಲ್ಲರೂ ನಗುತ್ತಾರೆ, ನಕ್ಕ ಮೇಲೆ ಅವಳನ್ನು ಮರೆಯುತ್ತಾರೆ.

ಐವತ್ತರ ದಶಕದ ಮೊದಲ ವರ್ಷಗಳು. ಅಕ್ಕ ಹುಣಸೂರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಉಪಾಧ್ಯಾಯಿನಿ. ನಾನು ಗಾವಡಗೆರೆಯ ಶಾಲೆಯಲ್ಲಿ ತಾತ್ಕಾಲಿಕ ಮೇಷ್ಟ್ರು. ಅಕ್ಕನ ಬಾಡಿಗೆ ಮನೆಯಲ್ಲೇ ಇದ್ದುಕೊಂಡು ಸೈಕಲ್ಲಿನಲ್ಲಿ ಹೋಗಿಬರುತ್ತಿದ್ದೆ. ಮನೆಯ ಬಾಡಿಗೆ ತಿಂಗಳಿಗೆ ಹನ್ನೆರಡು ರೂಪಾಯಿ, ಮುಂಗಡ ಆರು ತಿಂಗಳದು. ಆ ಎಪ್ಪತ್ತೆರಡು ರೂಪಾಯಿಗೆ ಒಂದಾಣೆ ಸ್ಟಾಂಪಿನ ಮೇಲೆ ಮನೆಯ ಮಾಲೀಕರಾದ ಸಾಹುಕಾರರು ಸಹಿ ಹಾಕಿಕೊಟ್ಟ ರಸೀದಿಯನ್ನು ಅಕ್ಕ ತನ್ನ ಟ್ರಂಕಿನ ತಳದಲ್ಲಿ, ರೇಷ್ಮೆ ಸೀರೆಯ ಮಡಿಕೆಯೊಳಗೆ ಇಟ್ಟಿದ್ದಳು. ಸೀರೆಗಿಂತ ರಸೀದಿಯ ಬೆಲೆಯೇ ಹೆಚ್ಚೆಂದು ಅವಳಿಗೆ ಗೊತ್ತಿತ್ತು.

ಆ ವರ್ಷ ಅವಳಿಗೆ ಕೆ.ಆರ್. ನಗರಕ್ಕೆ ವರ್ಗವಾಯಿತು. ಅಲ್ಲಿ ಶಾಲೆಯ ಹಿಂದಿನ ಬೀದಿಯಲ್ಲೇ ಒಂದು ಮನೆ ಗೊತ್ತಾಗಿತ್ತು. ಅಲ್ಲಿಯೂ ಮುಂಗಡ ಎಪ್ಪತ್ತೆರಡೇ. ಮುಂದಿನ ಶನಿವಾರದೊಳಗೆ ಹಣ ಕೈಸೇರದಿದ್ದರೆ ಬೇರೆಯವರಿಗೆ ಕೊಡುವುದಾಗಿ ಅಲ್ಲಿನ ಮಾಲೀಕರು ಹೇಳಿಕಳಿಸಿದ್ದರು. ಅಕ್ಕನ ಲೆಕ್ಕಾಚಾರ ಸರಳ: ಇಲ್ಲಿಂದ ಬಂದದ್ದು ಅಲ್ಲಿಗೆ. ಬೇರೆ ಹಣವಿರಲಿಲ್ಲ. ಆಷಾಢಕ್ಕೆ ಆಗ ಹತ್ತು ದಿನ ಮಾತ್ರ ಉಳಿದಿತ್ತು. ಆಷಾಢ ಹುಟ್ಟಿದರೆ ನಮ್ಮ ಸೀಮೆಯಲ್ಲಿ ಯಾರೂ ಹೊಸ ಮನೆಗೆ ಕಾಲಿಡುವುದಿಲ್ಲ, ಯಾರೂ ಕಾಲಿಡಿಸಿಕೊಳ್ಳುವುದೂ ಇಲ್ಲ.

ಮನೆ ಬಿಡುವ ಹಿಂದಿನ ಸಂಜೆ ಅಕ್ಕ ಪಾತ್ರೆಗಳ ನಡುವೆ ಹುಲ್ಲು ತುರುಕುತ್ತಾ ನನಗೆ ಹೇಳಿದಳು:

"ಸಾವ್ಕಾರ್ರಿಗೆ ಒಂದು ಕಾಗದ ಬರಿಯೋ. ನಾಳೆ ತಾರೀಖು ಹಾಕಿ, ಮನೆ ಖಾಲಿ ಮಾಡಿದೀನಿ, ಬಾಡಿಗೆ ಈ ತಿಂಗಳ ಕೊನೇವರೆಗೂ ಸಂದಿದೆ, ಮನೆ ಗುಡಿಸಿ ಒಪ್ಪವಾಗಿ ಬಿಟ್ಟು ಬೀಗದ ಕೈ ಕಳಿಸಿದೀನಿ, ಮುಂಗಡದ ಹಣ ಇಲ್ಲಿನ ಬ್ಯಾಂಕಿನಲ್ಲಿ ನನ್ನ ಖಾತೆಗೆ ಕಟ್ಟಬೇಕು ಅಂತ ಕೇಳ್ಕೋ. ಖಾತೆ ನಂಬರು ಪಾಸ್‌ಬುಕ್ಕಿನಲ್ಲಿದೆ. ನಾಲ್ಕು ಸಾಲು. ಶನಿವಾರ ಬಂದು ನಾನೇ ಹಣ ತಗೋತೀನಿ."

ನಾಲ್ಕು ಸಾಲು! ನಾನು ಓದಿದ್ದು ಒಂದು ಹೊಸ ಬಗೆಯ ಶಾಲೆಯಲ್ಲಿ. ಅಲ್ಲಿ ಬೆತ್ತವಿರಲಿಲ್ಲ, ಜಾತಿವಾರು ಪಂಕ್ತಿಯಿರಲಿಲ್ಲ. ವಾರಕ್ಕೊಮ್ಮೆ ಮರದಡಿ ಸಭೆ ಸೇರಿ, ಆ ವಾರ ಕಂಡ ಅನ್ಯಾಯಗಳನ್ನೆಲ್ಲ ಎದ್ದುನಿಂತು ಹೇಳಬೇಕಿತ್ತು; ಅದಕ್ಕೂ ಮೊದಲು ತನ್ನ ತಪ್ಪುಗಳನ್ನು ತಾನೇ ಒಪ್ಪಿಕೊಳ್ಳಬೇಕಿತ್ತು. ಇಂಥ ಶಿಕ್ಷಣ ಪಡೆದ ಹತ್ತೊಂಬತ್ತರ ಯುವಕನಿಗೆ 'ಒಪ್ಪವಾಗಿ' ಎಂಬ ಪದ ಸುಳ್ಳೆಂದು ತೋರಿತು. ಮೂರು ವರ್ಷ ಸೋರುವ ಮನೆಗೆ ಬಾಡಿಗೆ ತೆತ್ತು, ಬಿಡುವ ದಿನ 'ಒಪ್ಪ' ಎಂದು ಬರೆದರೆ ಮುಂದೆ ಬರುವ ಬಾಡಿಗೆದಾರನಿಗೆ ನಾವೇ ದ್ರೋಹ ಬಗೆದಂತಲ್ಲವೆ?

ನಾಲ್ಕು ಸಾಲು ನಾಲ್ಕು ಪುಟವಾಯಿತು. ಮನೆ ಬಿಟ್ಟ ದಿನಾಂಕ, ಬಾಡಿಗೆ ಸಂದಾಯದ ವಿವರ, ಮುಂಗಡದ ಮೊತ್ತ, ರಸೀದಿಯ ದಿನಾಂಕ, ಅಕ್ಕನ ಹೆಸರು, ಖಾತೆಯ ಸಂಖ್ಯೆ, ಬ್ಯಾಂಕಿನ ಶಾಖೆ, ಎಲ್ಲವೂ ಇದ್ದವು. ಜೊತೆಗೆ 'ಮನೆಯ ಸ್ಥಿತಿ' ಎಂಬ ತಲೆಬರಹದ ಕೆಳಗೆ ಇಪ್ಪತ್ತೊಂದು ಅಂಶಗಳು. ಮೊದಲ ನಾಲ್ಕು ನಮ್ಮ ತಪ್ಪುಗಳು: ಗೋಡೆಗೆ ಹೊಡೆದ ಮೊಳೆಗಳು, ಒಲೆಯ ಹೊಗೆಗೆ ಕಪ್ಪಾದ ಸುಣ್ಣ, ಒರಳಿನ ಪಕ್ಕದಲ್ಲಿ ಬಿರಿದ ನೆಲ, ನನ್ನ ಸೈಕಲ್ ಒರಗಿಸಿ ಸವೆದ ಜಗಲಿಯ ಕಂಬ. ಉಳಿದ ಹದಿನೇಳು ಸಾಹುಕಾರರವು: ನಡುಮನೆಯ ಮೇಲೆ ಒಡೆದ ಏಳು ಹೆಂಚು, ಮಳೆ ಬಂದರೆ ಪಾತ್ರೆಯಿಡಬೇಕಾದ ಮೂರು ಜಾಗಗಳು, ಕೂರದ ಹಿತ್ತಿಲ ಬಾಗಿಲ ಅಗಳಿ, ನೆಲದ ತೇವ, ಬೀದಿಗೆ ಹರಿಯುವ ಬಚ್ಚಲ ನೀರು, ಕಿರುಗುಟ್ಟುವ ಬಾವಿಯ ರಾಟೆ, ಹೀಗೆ ಇಲಿಯ ಬಿಲಗಳವರೆಗೆ. ಬಿಲಗಳನ್ನು ಎಣಿಸಿಯೇ ಬರೆದಿದ್ದೆ.

ಅಕ್ಕ ಟ್ರಂಕಿನ ಮೇಲೆ ಕುಳಿತು ಅದರ ಮುಚ್ಚಳವನ್ನು ಒತ್ತಿಹಿಡಿದಿದ್ದಾಗ ಕೊನೆಯ ಪುಟವನ್ನಷ್ಟೇ ಅವಳ ಮುಂದೆ ಹಿಡಿದೆ.

"ಓದ್ತೀಯಾ?" ಎಂದೆ.

"ನಾನೇ ಹೇಳಿದ್ದನ್ನ ನಾನೇನೋ ಓದ್ಲಿ" ಎಂದು ಸಹಿ ಹಾಕಿದಳು.

ಅನ್ಯಾಯಗಳನ್ನು ಹೆಸರಿಸುವುದೇ ನನ್ನ ಕಸುಬಾದ್ದರಿಂದ ಇದನ್ನೂ ಹೆಸರಿಸುತ್ತೇನೆ: ಓದದೆ ಸಹಿ ಹಾಕುವಾಗ ಅವಳನ್ನು ತಡೆಯದಿದ್ದುದು ಈ ಪ್ರಕರಣದ ಮೊದಲನೆಯ ಅನ್ಯಾಯ.

ಮರುದಿನ ಬೆಳಿಗ್ಗೆ ಸಾಮಾನಿನ ಗಾಡಿಯ ಜೊತೆ ಅಕ್ಕ ಹೊರಟಳು. ಸಾಮಾನನ್ನು ಸದ್ಯಕ್ಕೆ ಚುಂಚನಕಟ್ಟೆಯ ಚಿಕ್ಕಮ್ಮನಲ್ಲಿಟ್ಟು, ಮುಂಗಡ ಕಟ್ಟಿದ ಮೇಲೆ ಕೆ.ಆರ್. ನಗರಕ್ಕೆ ಸಾಗಿಸುವುದೆಂದು ತೀರ್ಮಾನವಾಗಿತ್ತು. ನಾನು ಪತ್ರ, ಅದರ ನಕಲು, ಬೀಗದ ಕೈ ಹಿಡಿದು ಸಾಹುಕಾರರ ಬೆಲ್ಲದ ಮಂಡಿಗೆ ಹೋದೆ.

ಸಾಹುಕಾರರು ಅಚ್ಚುಬೆಲ್ಲ ಒಡೆದು ಒಳಗಿನ ಬಣ್ಣ ನೋಡುತ್ತಿದ್ದರು. ಅವರ ಎದುರಿಗೆ ಚಾಪೆಯ ಮೇಲೆ ತಾಲ್ಲೂಕು ಕಚೇರಿಯ ಗುಮಾಸ್ತರೊಬ್ಬರು ಕುಳಿತು, ಪಂಚೆಯ ಸೊಂಟದಿಂದ ಹಣದ ಚೀಲ ತೆಗೆದು ಅದರ ದಾರ ಬಿಚ್ಚುತ್ತಿದ್ದರು. ಇವರೇ ನಮ್ಮ ಮನೆಗೆ ಬರಲಿರುವ ಬಾಡಿಗೆದಾರರೆಂದು ತಿಳಿದು ನನಗೆ ಸಂತೋಷವಾಯಿತು. ಯಾರ ಹಿತಕ್ಕಾಗಿ ಬರೆದೆನೋ ಅವರೇ ಎದುರಿಗಿದ್ದರು!

"ಬಾಪ್ಪ, ಕೂತ್ಕೋ. ಟೀಚರಮ್ಮೋರು ಒಂಟೋದ್ರಾ?" ಎಂದರು ಸಾಹುಕಾರರು. "ಒಳ್ಳೇ ಎಣ್ಮಗಳು ಕಣಪ್ಪ. ಮೂರು ವರ್ಸದಲ್ಲಿ ಒಂದ್ಸಲಾನೂ ಬಾಡಿಗೆ ಕೇಳುಸ್ಕಳ್ಲಿಲ್ಲ."

ನಾನು ಎದ್ದುನಿಂತು ಪತ್ರ ನೀಡಿದೆ, ನಕಲಿನ ಮೇಲೆ 'ತಲುಪಿತು' ಎಂದು ಬರೆದು ಸಹಿ ಹಾಕಬೇಕೆಂದೂ ಕೇಳಿದೆ.

"ಕೈಯೆಲ್ಲ ಬೆಲ್ಲ ಆಗೈತೆ. ಸ್ವಾಮಿ, ನೀವೇ ಒಸಿ ಓದ್ಬುಡಿ" ಎಂದು ಅವರು ಗುಮಾಸ್ತರ ಕಡೆ ತಿರುಗಿದರು.

ಕಚೇರಿಯಲ್ಲಿ ಇಡೀ ದಿನ ಅರ್ಜಿಗಳನ್ನು ಓದಿ ಅಭ್ಯಾಸವಾದ ಕಂಠ. ತಾರೀಖು, ರಸೀದಿ, ಬ್ಯಾಂಕಿನ ಖಾತೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ದಾಟಿದರು. ಮೊಳೆಗಳು ಬಂದಾಗ ಸಾಹುಕಾರರು "ಓಗ್ಲಿ, ಮೊಳೆ ತಾನೆ" ಎಂದು ಉದಾರವಾಗಿ ಕೈಯಾಡಿಸಿದರು. ಐದನೆಯ ಅಂಶಕ್ಕೆ ಗುಮಾಸ್ತರ ದನಿ ನಿಧಾನವಾಯಿತು. ಏಳು ಹೆಂಚು ಓದಿ ಕನ್ನಡಕದ ಮೇಲಿನಿಂದ ಸಾಹುಕಾರರನ್ನು ನೋಡಿದರು. ಮೂರು ಪಾತ್ರೆಗಳ ಜಾಗ ಓದಿ ನನ್ನನ್ನು ನೋಡಿದರು. ಹತ್ತನೆಯ ಅಂಶದ ಹೊತ್ತಿಗೆ ಮೂಟೆ ಹೊರುವವರು ಕೂಡ ಮೂಟೆ ಇಳಿಸಿ ಕೇಳತೊಡಗಿದ್ದರು.

"ಇಲಿಯ ಬಿಲ, ಒಂಬತ್ತು" ಎಂದು ಓದಿದಾಗ ಒಬ್ಬ ಹಮಾಲಿ, "ಒಂಬತ್ತೇನ್ಲಾ? ಬಾಡಿಗೆ ಅವೇ ಕಟ್ಬೋದಿತ್ತು ಬುಡು!" ಎಂದ.

ಗುಮಾಸ್ತರು ಪತ್ರ ಮಡಿಸಿದರು. ಹಣದ ಚೀಲದ ದಾರವನ್ನು ಮತ್ತೆ ಬಿಗಿದರು. ಎರಡು ಗಂಟು.

"ಅಲ್ಲ ಸಾವ್ಕಾರ್ರೇ, ಮಳೆ ಹಿಡಿಯೋಕೆ ಮುಂಚೆ ಮನೆ ಸೇರ್ಬೇಕು ಅಂತ ಬಂದೆ. ನೋಡಿದ್ರೆ ಮಳೆ ನನಗಿಂತ ಮುಂಚೆನೇ ಸೇರ್ಕೊಂಡಿದೆಯಲ್ಲ" ಎಂದು ಎದ್ದು ಹೋದರು.

ಸತ್ಯವೊಂದು ಕಣ್ಣೆದುರೇ ಕಾರ್ಯರೂಪಕ್ಕೆ ಬಂದುದನ್ನು ಕಂಡು ಹೆಮ್ಮೆಯಿಂದ ನಿಂತಿದ್ದೆ. ಸಾಹುಕಾರರು ಬೈಯಲಿಲ್ಲ. ನಕಲಿನ ಹಾಳೆಯನ್ನು ತಮ್ಮ ಕಡೆ ಎಳೆದುಕೊಂಡು, ಬೆಲ್ಲ ಮೆತ್ತಿದ ಹೆಬ್ಬೆಟ್ಟನ್ನು ಅದರ ಮೇಲೆ ಬಲವಾಗಿ ಒತ್ತಿದರು.

"ತಗಳಪ್ಪ, ತಲುಪ್ತು. ಚೆನ್ನಾಗೇ ತಲುಪ್ತು."

"ಮುಂಗಡದ ಹಣ?"

"ಯಾವ ಅಣ? ನಿಮ್ಮಕ್ಕ ಕೊಟ್ಟ ಅಣ ನನ್ ಪೆಟ್ಟಿಗೇಲಿ ಕಾವಿಗೆ ಕೂತೈತೆ ಅಂದ್ಕಂಡಾ? ಅವ್ರು ಬಂದಾಗ ಕೊಟ್ಟಿದ್ದು, ಅವರಿಗಿಂತ ಮುಂಚೆ ಇದ್ದ ಪೋಲೀಸ್ನೋನಿಗೆ ಓಯ್ತು. ಈ ಗುಮಾಸ್ತ್ರು ಕೊಡೋದು ನಿಮ್ಮಕ್ಕಂಗೆ ಬರ್ಬೇಕಿತ್ತು. ಬರೋರ ದುಡ್ಡು ಬುಟ್ಟೋಗೋರ್ಗೆ. ಊರೆಲ್ಲ ಇಂಗೇ ನಡೀತೈತೆ. ಬೆಲ್ಲದಲ್ಲಿ ಕಲ್ಲೈತೆ ಅಂತ ಕೊಳ್ಳೋಕ್ ಬಂದೋನ್ ಮುಂದೆನೇ ಓದುಸ್ಬುಟ್ಟಲ್ಲೋ, ಮಾರಾಯ!"

ನನ್ನ ಹೆಮ್ಮೆ ಅಲ್ಲಿಗೆ ಇಳಿಯಿತು. ನಾನು ಓಡಿಸಿದ್ದು ಸಾಹುಕಾರರ ಬಾಡಿಗೆದಾರನನ್ನಲ್ಲ, ಅಕ್ಕನ ಎಪ್ಪತ್ತೆರಡು ರೂಪಾಯಿಯನ್ನು. ಅಷ್ಟಕ್ಕೇ ತಣ್ಣಗಾಗುವ ಜಾತಿ ನನ್ನದಲ್ಲ. ಠೇವಣಿಯೆಂದರೆ ಒಬ್ಬರು ನಂಬಿ ಇಟ್ಟ ಹಣ, ಅದನ್ನು ಮುಟ್ಟದೆ ಕಾಯುವುದು ಮಾಲೀಕನ ಧರ್ಮ ಎಂದು ಮಂಡಿಯ ಮಧ್ಯೆ ನಿಂತು ಭಾಷಣ ಮಾಡಿದೆ. ಅದರಲ್ಲಿ ತಪ್ಪೇನೂ ಇರಲಿಲ್ಲ, ಇಂದಿಗೂ ಇಲ್ಲ. ಸಾಹುಕಾರರು ಪೂರ್ತಿ ಕೇಳಿದರು. "ನ್ಯಾಯವಾದ ಮಾತು ಕಣಪ್ಪ. ಸ್ರಾವಣದಲ್ಲಿ ಬಾ" ಎಂದು ನನ್ನ ಕೈಗೊಂದು ಬೆಲ್ಲದ ಚೂರು ಇಟ್ಟರು.

ಶನಿವಾರ ಕಳೆಯಿತು. ಕೆ.ಆರ್. ನಗರದ ಮನೆ ಬೇರೆಯವರ ಪಾಲಾಯಿತು. ಎರಡು ದಿನಕ್ಕೆ ಆಷಾಢ ಹುಟ್ಟಿತು. ಅಕ್ಕ ಚಿಕ್ಕಮ್ಮನ ಮನೆಯಲ್ಲೇ ಉಳಿದಳು. ನಾನು ಗಾವಡಗೆರೆಯ ಶಾಲೆಯಲ್ಲೇ ಮಲಗತೊಡಗಿದೆ.

ನಮ್ಮ ಚಿಕ್ಕಮ್ಮ ಕೆಟ್ಟವಳಲ್ಲ. ಅವಳ ನಾಲಿಗೆಗೆ ರಜೆ ಇರಲಿಲ್ಲ, ಅಷ್ಟೆ. ಮುಂದಿನ ಭಾನುವಾರ ನಾನು ಅಲ್ಲಿಗೆ ಹೋದಾಗ ಬಾಗಿಲಲ್ಲೇ ಸ್ವಾಗತ ಸಿಕ್ಕಿತು:

"ಬಂದ್ಯೇನಪ್ಪ, ಕಾಗದದ ಸರದಾರ! ಓದ್ಬಂದು ಮನೆ ಕಟ್ಟುಸ್ತಾನೆ ಅಂತಿದ್ಲು ನಿಮ್ಮಕ್ಕ, ಇರೋ ಮನೇನೂ ಬುಡುಸ್ಬುಟ್ಟೆ. ಬಾ, ನಮ್ಮನೇಲೂ ಬಿಲ ಅವೆ, ಎಣ್ಸುವಂತೆ."

ಅಕ್ಕ ಮೂಟೆಗಳ ಸಂದಿನಲ್ಲಿ ಕುಳಿತು ಮಕ್ಕಳ ಪುಸ್ತಕ ತಿದ್ದುತ್ತಿದ್ದಳು. ಕೂದಲಲ್ಲೆಲ್ಲ ಭತ್ತದ ಹೊಟ್ಟು. ಬೆಳಗಿನ ಬಸ್ಸು ತಪ್ಪಿದ ಎರಡು ದಿನ ಶಾಲೆಗೆ ತಡವಾಗಿ, ಮುಖ್ಯೋಪಾಧ್ಯಾಯಿನಿ ಅವಳ ಹೆಸರಿನ ಮುಂದೆ ಕೆಂಪು ಗುರುತು ಹಾಕಿದ್ದರು. ಮೂರನೆಯ ಗುರುತು ಬಿದ್ದರೆ ಮೇಲಕ್ಕೆ ವರದಿ ಹೋಗುವುದಾಗಿ ಎಚ್ಚರಿಸಿದ್ದರು. ಅಕ್ಕ ಅಳಲೂ ಇಲ್ಲ, ಬೈಯಲೂ ಇಲ್ಲ.

"ನಿನ್ನ ಕಾಗದದಲ್ಲಿ ಇಪ್ಪತ್ತೊಂದು ಅಂಶ ಇತ್ತಂತೆ" ಎಂದಳು. "ಇಪ್ಪತ್ತೆರಡನೇದು ನಾನು. ಬರ್ಕೋ. ಶ್ರಾವಣದ ಮೊದಲ ವಾರ ಇನ್ನೊಂದು ಮನೆ ಖಾಲಿ ಆಗತ್ತೆ, ಮುಂಗಡ ಈಗ್ಲೇ ಕೊಟ್ರೆ ನನಗೇ ಅಂದಿದಾರೆ. ಆ ಸಾವ್ಕಾರ್ರಿಗೆ ನೀನೇ ಒಬ್ಬ ಬಾಡಿಗೆದಾರನ್ನ ಹುಡುಕಿಕೊಡು."

ಬಹಿರಂಗವಾಗಿ ಖಂಡಿಸಿದ ಮನೆಗೆ ಬಾಡಿಗೆದಾರನನ್ನು ಹುಡುಕುವುದು, ಅದೂ ಆಷಾಢದಲ್ಲಿ, ಅದೂ ಸುಳ್ಳು ಹೇಳದೆ! ಶಾಲೆ ಬಿಟ್ಟ ಮೇಲೆ ಪ್ರತಿದಿನ ಹುಣಸೂರಿನ ಬೀದಿ ಬೀದಿ ಸುತ್ತಿದೆ. ಮನೆ ಹೇಗಿದೆಯೆಂದು ಕೇಳಿದವರಿಗೆಲ್ಲ ಹೇಗಿದೆಯೋ ಹಾಗೆಯೇ ಹೇಳಿದೆ. ಇಬ್ಬರು ನಡುದಾರಿಯಲ್ಲೇ ಕೈಮುಗಿದರು. ಹೋಟೆಲಿನ ಮಾಣಿಯೊಬ್ಬ, "ಸಾಮಿ, ನೀವು ಎಣ್ಣು ತೋರ್ಸೋಕೆ ಮಾತ್ರ ಓಗ್ಬೇಡಿ" ಎಂದು ಬುದ್ಧಿ ಹೇಳಿದ.

ಕಡೆಗೆ ನಾಟಾ ಡಿಪೋವಿನಲ್ಲಿ ಒಬ್ಬರು ಸಿಕ್ಕರು. ಮಲಬಾರಿನ ಕಡೆಯ ಕ್ರೈಸ್ತರು. ಹೆಗ್ಗಡದೇವನಕೋಟೆಯ ಕಾಡಿನಿಂದ ಬರುವ ದಿಮ್ಮಿಗಳನ್ನು ಅಳೆದು, ಹರಾಜಿಗೆ ಮುಂಚೆ ಪ್ರತಿ ದಿಮ್ಮಿಯ ಬಿರುಕು, ಗಂಟು, ಪೊಳ್ಳುಗಳನ್ನು ಪಟ್ಟಿ ಮಾಡುವ ಗುಮಾಸ್ತರು. ಎರಡು ತಿಂಗಳಿಂದ ಡಿಪೋವಿನ ಶೆಡ್ಡಿನಲ್ಲೇ ವಾಸ. ಮಾಂಸ ತಿನ್ನುವವರೆಂಬ ಕಾರಣಕ್ಕೆ ಊರಿನಲ್ಲಿ ಬಾಗಿಲ ಮೇಲೆ ಬಾಗಿಲು ಮುಚ್ಚಿದ್ದವು. ಕೇಳಿದವರು ಯಾರೂ ಅವರ ನಡತೆಯನ್ನು ಕೇಳಲಿಲ್ಲ, ಸಂಬಳವನ್ನೂ ಕೇಳಲಿಲ್ಲ. ಕೇಳಿದ್ದು ಒಲೆಯ ಮೇಲಿನ ಪಾತ್ರೆಯನ್ನು. ಇದು ಈ ಪ್ರಕರಣದ ಅತ್ಯಂತ ದೊಡ್ಡ ಅನ್ಯಾಯ. ಇದರ ಮುಂದೆ ಏಳು ಹೆಂಚು ಏನೂ ಅಲ್ಲ.

"ಮನೆ ಎಂಗೆ ಉಂಟು?" ಎಂದು ಕೇಳಿದರು. ಬಾಯಿ ತೆರೆಯುವ ಧೈರ್ಯವಿಲ್ಲದೆ ಜೇಬಿನಲ್ಲಿದ್ದ ನಕಲನ್ನೇ ಕೊಟ್ಟೆ. ಬೆಲ್ಲದ ಹೆಬ್ಬೆಟ್ಟಿಗೆ ಇರುವೆ ಮುತ್ತಿತ್ತು. ಅವರು ಇರುವೆಗಳನ್ನು ಊದಿ, ಕಿವಿಯ ಹಿಂದಿನಿಂದ ಪೆನ್ಸಿಲ್ ತೆಗೆದು, ಒಂದೊಂದು ಅಂಶಕ್ಕೂ ಗುರುತು ಹಾಕುತ್ತಾ ಓದಿದರು.

"ಇದು ಯಾರು ಬರೆದದ್ದು?"

"ನಾನೇ."

"ಒಳ್ಳೇದು ಬರೆದಿದ್ದೀರಿ" ಎಂದರು ಗಂಭೀರವಾಗಿ. "ದೋಷ ಬರೆಯದ ಮರ ಉಂಟಲ್ಲ, ಅದನ್ನು ನಾನು ನಂಬೋದಿಲ್ಲ. ಒಳಗೆ ಪೊಳ್ಳಿರ್ತದೆ. ಈ ಮನೆಯ ಪೊಳ್ಳು ಎಲ್ಲಿ ಅಂತ ಗೊತ್ತಾಯ್ತು. ಏಳು ಹೆಂಚು, ಒಂದು ಅಗಳಿ ಸರಿ ಮಾಡಿಕೊಟ್ಟರೆ ನಾಳೆಯೇ ಬರ್ತೇನೆ. ನಮಗೆ ಆಷಾಢ ಇಲ್ಲ."

ಅವರನ್ನು ಮಂಡಿಗೆ ಕರೆದೊಯ್ದೆ. ಸಾಹುಕಾರರು ಮೊದಲು ಕುಲ ಕೇಳಿದರು, ಆಮೇಲೆ ಊಟ ಕೇಳಿದರು. ನಾನು ಎದ್ದುನಿಂತು ಆ ಪ್ರಶ್ನೆಗಳ ಅನೈತಿಕತೆಯನ್ನು ವಿವರಿಸಲು ತೊಡಗಿದಾಗ ಡಿಪೋ ಗುಮಾಸ್ತರು ನನ್ನ ಅಂಗಿಯ ತುದಿ ಹಿಡಿದು ಕೂರಿಸಿದರು.

"ಮೀನು. ಭಾನುವಾರ ಮಾತ್ರ" ಎಂದರು.

ಸಾಹುಕಾರರು ಗೋಡೆಯ ಪಂಚಾಂಗದ ಕಡೆ ನೋಡಿದರು. ಆಷಾಢ ಮುಗಿಯಲು ಇನ್ನೂ ಅರ್ಧ ತಿಂಗಳಿತ್ತು. ಇಲಿಗಳಿಂದ ಬಾಡಿಗೆ ಬರುವಂತಿರಲಿಲ್ಲ.

"ಇತ್ಲಲ್ಲಿ ಬೇಯುಸ್ಕಳಿ" ಎಂದರು ಕೊನೆಗೆ. "ಗಾಳಿ ಆ ಕಡೀಕೆ ಬೀಸೋ ವೊತ್ನಲ್ಲಿ."

"ಗಾಳಿಗೆ ಹೇಳ್ತೇನೆ" ಎಂದರು ಡಿಪೋ ಗುಮಾಸ್ತರು.

ಮೂರು ದಿನದಲ್ಲಿ ಹೆಂಚು, ಅಗಳಿ ಸರಿಯಾದವು. ನಾಲ್ಕನೆಯ ದಿನ ಮೂವರೂ ಬ್ಯಾಂಕಿಗೆ ಹೋದೆವು. ಸಾಹುಕಾರರಿಗೆ ಬ್ಯಾಂಕಿನ ಮೇಲೆ ನಂಬಿಕೆಯಿರಲಿಲ್ಲ. ಡಿಪೋವಿನ ಹಣ ಕಟ್ಟಲು ದಿನವೂ ಬರುತ್ತಿದ್ದ ಗುಮಾಸ್ತರೇ ಪತ್ರದಲ್ಲಿದ್ದ ಖಾತೆಯ ಸಂಖ್ಯೆ ನೋಡಿ ಚಲನ್ ತುಂಬಿದರು.

"ಬೇರೇರ್ ಖಾತೆಗೆ ನಾವು ಆಕ್ಬೋದಾ?" ಎಂದು ಸಾಹುಕಾರರು ಪಿಸುಗುಟ್ಟಿದರು. "ಅಂಗಾರೆ ತೆಗೀಬೋದಾ?"

"ಹಾಕೋದಕ್ಕೆ ನಂಬರು ಸಾಕು. ತೆಗೆಯೋದಕ್ಕೆ ಅವರ ಸಹಿ ಬೇಕು."

"ಅಯ್ಯೋ, ಇದೊಳ್ಳೆ ಇಲಿಬೋನು" ಎಂದು ಸಾಹುಕಾರರು ನಿಟ್ಟುಸಿರುಬಿಟ್ಟರು.

ಹೊಸ ಬಾಡಿಗೆದಾರರು ಎಪ್ಪತ್ತೆರಡು ರೂಪಾಯಿ ಎಣಿಸಿ ಸಾಹುಕಾರರ ಕೈಗಿಟ್ಟು ರಸೀದಿ ಪಡೆದರು. ಸಾಹುಕಾರರು ಅದರಲ್ಲಿ ಆರು ರೂಪಾಯಿ ತೆಗೆದು ಜೇಬಿಗಿಳಿಸಿದರು. ಅರ್ಧ ತಿಂಗಳು ಮನೆ ಖಾಲಿ ಬಿದ್ದುದಕ್ಕೆ ಎಂದರು. ಪ್ರತಿಭಟಿಸಿದೆ. "ಆ ತಾಲ್ಲೂಕು ಗುಮಾಸ್ತ್ರನ್ನ ಓಡ್ಸಿದ್ದು ಯಾರು?" ಎಂದು ಕೇಳಿದರು. ಉತ್ತರವಿತ್ತು, ಆದರೆ ಉದ್ದವಾಗಿತ್ತು. ಬ್ಯಾಂಕು ಮುಚ್ಚುವ ವೇಳೆಯಾಗಿತ್ತು. ಅರವತ್ತಾರು ರೂಪಾಯಿ ಅಕ್ಕನ ಖಾತೆ ಸೇರಿತು. ಮೊಹರು ಬಿದ್ದ ಚಲನ್ನಿನ ಅರ್ಧವನ್ನು ಸಾಹುಕಾರರು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು.

ಶನಿವಾರ ಅಕ್ಕ ಬಂದು ಹಣ ತೆಗೆದಳು, ಹಳೆಯ ರಸೀದಿಯನ್ನು ಸಾಹುಕಾರರಿಗೆ ಹಿಂದಿರುಗಿಸಿದಳು. ಕೊರತೆ ಬಿದ್ದ ಆರು ರೂಪಾಯಿಯನ್ನು ಚಿಕ್ಕಮ್ಮ ತನ್ನ ಅಕ್ಕಿ ಡಬ್ಬಿಯಿಂದ ತೆಗೆದುಕೊಟ್ಟಳು, ಒಂದೊಂದು ರೂಪಾಯಿಗೂ ಒಂದೊಂದು ಮಾತು ಸೇರಿಸಿ. ಶ್ರಾವಣದ ಮೊದಲ ವಾರ ಅಕ್ಕ ಕೆ.ಆರ್. ನಗರದ ಮನೆಯಲ್ಲಿ ಹಾಲು ಉಕ್ಕಿಸಿದಳು. ಅವಳ ಹೆಸರಿನ ಮುಂದೆ ಮೂರನೆಯ ಕೆಂಪು ಗುರುತು ಬೀಳಲಿಲ್ಲ. ಮೊದಲೆರಡು ಮಾತ್ರ ಅವಳ ನಿವೃತ್ತಿಯವರೆಗೂ ಕಡತದಲ್ಲೇ ಉಳಿದವು.

ನಾನು ಆಮೇಲೆ ಅದೆಷ್ಟೋ ಬಾಡಿಗೆದಾರರಿಗೆ ಇಂಥ ಪತ್ರ ಬರೆದುಕೊಟ್ಟಿದ್ದೇನೆ. ದೋಷಗಳನ್ನು ಇಂದಿಗೂ ಬಿಡುವುದಿಲ್ಲ. ಸಹಿ ಹಾಕುವವರಿಗೆ ಮಾತ್ರ ಮೊದಲ ಅಕ್ಷರದಿಂದ ಕೊನೆಯವರೆಗೆ ಓದಿಹೇಳುತ್ತೇನೆ. ಇಷ್ಟು ವರ್ಷಗಳ ನಂತರವೂ ಬಹುಪಾಲು ಮನೆಗಳಲ್ಲಿ ಹೋಗುವವರ ಹಣ ಬರುವವರ ಜೇಬಿನಲ್ಲೇ ಇರುತ್ತದೆ. ಬರುವವರು ಬರದಿದ್ದರೆ, ಯಾವ ತಪ್ಪೂ ಮಾಡದ ಒಬ್ಬ ಹೆಣ್ಣುಮಗಳು ಯಾರದೋ ಮೂಟೆಗಳ ನಡುವೆ ಮಲಗಬೇಕಾಗುತ್ತದೆ.

ಆದ್ದರಿಂದ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಗಳಲ್ಲಿ ಮನೆ ಬಾಡಿಗೆಗೆ ಕೊಡುವ ಸಮಸ್ತ ಮಾಲೀಕರಿಗೆ ನನ್ನ ಬೇಡಿಕೆ ಇದು: ಮುಂಗಡವನ್ನು ಪಡೆದ ದಿನವೇ ಬ್ಯಾಂಕಿನಲ್ಲಿ ಬೇರೆಯಾಗಿ ಇಡಿ, ಅದರಿಂದ ಒಂದು ಕಾಸನ್ನೂ ಮುಟ್ಟಬೇಡಿ, ಮನೆ ಬಿಡುವ ದಿನ ಬಾಡಿಗೆದಾರರ ಜೊತೆ ಒಂದೊಂದು ಕೋಣೆಯನ್ನೂ ನೋಡಿ, ಬೀಗದ ಕೈ ಪಡೆದ ದಿನವೇ ಹಣವನ್ನು ಅವರು ಬರೆದುಕೊಟ್ಟ ಖಾತೆಗೆ ಕಟ್ಟಿ. ಬೆಲ್ಲದ ಮಂಡಿಯ ಸಾಹುಕಾರರ ವಾರಸುದಾರರಿಗೆ ಪ್ರತ್ಯೇಕ ಬೇಡಿಕೆ: ನನ್ನ ಅಕ್ಕನಿಗೆ ಬರಬೇಕಾದ ಆರು ರೂಪಾಯಿಯನ್ನು ಈ ತಿಂಗಳ ಕೊನೆಯೊಳಗೆ ಅವಳಿಗೆ ಸಲ್ಲಿಸಿ. ಅರ್ಧ ತಿಂಗಳ ನಷ್ಟಕ್ಕೆ ಹೊಣೆ ಯಾರೆಂದು ನಿಮ್ಮ ತಂದೆಯವರಂತೆ ನೀವೂ ಕೇಳಿದರೆ, ಆ ಬಿಲ್ಲನ್ನು ನನ್ನ ಹೆಸರಿಗೆ ಬೇರೆಯಾಗಿ ಕಳಿಸಿ. ಅವಳ ಹಣದಲ್ಲಿ ಕಳೆಯಬೇಡಿ.